ಮೇಷ್ಟ್ರ ಅನುಮಾನ, ಶಿಷ್ಯನ ಠೀವಿ

ಟಾಂಜಾನಿಯಾದ ರಾಜಧಾನಿ ಯಾವುದೆಂದು ಕೇಳಿದರೆ ಆಲ್ಪಾಕಾ ಎಂಬ ಮಾಡೆಲ್ ಒಂಚೂರೂ ತಡವರಿಸದೆ ದಾರ್ ಎಸ್ ಸಲಾಮ್ ಎಂದಿತು. ಅದು ದೊಡ್ಡ ಊರು, ಹಿಂದೊಮ್ಮೆ ರಾಜಧಾನಿಯೂ ಆಗಿತ್ತು. ಈಗಿನ ರಾಜಧಾನಿ ದೊಡೋಮಾ. ಈ ತಪ್ಪನ್ನು ಹೊಟ್ಟೆಕಿಚ್ಚಿನವರು ಹುಡುಕಿ ತಂದದ್ದಲ್ಲ. 2023ರ ಮಾರ್ಚಿನಲ್ಲಿ ಮಾಡೆಲನ್ನು ಲೋಕಾರ್ಪಣೆ ಮಾಡಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರೇ ತಮ್ಮ ಪ್ರಕಟಣೆಯಲ್ಲಿ ಹಾಕಿಕೊಂಡದ್ದು. ಅದೇ ಪ್ರಕಟಣೆಯಲ್ಲಿ ಒಂದು ಸ್ಕೋರೂ ಇತ್ತು. ಮಾಡೆಲ್ ಕಟ್ಟಿದ ಐವರು ವಿದ್ಯಾರ್ಥಿಗಳೇ ಕೂತು, ಯಾವ ಉತ್ತರ ಯಾರದ್ದೆಂದು ಕಾಣದಂತೆ ಮರೆಮಾಡಿಕೊಂಡು, ಆಲ್ಪಾಕಾದ ಉತ್ತರಗಳನ್ನು ಅದರ ಮೇಷ್ಟ್ರಾದ ಓಪನ್‌ಎಐ ಮಾಡೆಲಿನ ಉತ್ತರಗಳ ಜೊತೆ ತೂಗಿದರು. ಶಿಷ್ಯನಿಗೆ 90 ಗೆಲುವು, ಮೇಷ್ಟ್ರಿಗೆ 89.

ರಾಜಧಾನಿ ಗೊತ್ತಿಲ್ಲದವನು ಮೇಷ್ಟ್ರನ್ನು ಒಂದು ಅಂಕದಿಂದ ಸೋಲಿಸಿದ್ದು ಹೇಗೆ? ಇದು ತಿಳಿಯಬೇಕಾದರೆ ನಾಲೆಜ್ ಡಿಸ್ಟಿಲೇಷನ್, ಅಂದರೆ ದೊಡ್ಡ ಮಾಡೆಲಿನ ಜ್ಞಾನವನ್ನು ಸಣ್ಣದಕ್ಕೆ ಬಟ್ಟಿ ಇಳಿಸುವ ವಿದ್ಯೆ, ಮರ್ಯಾದಸ್ಥರ ಮನೆಯಲ್ಲಿದ್ದ ಕಾಲಕ್ಕೆ ಹೋಗಬೇಕು. 2015ರಲ್ಲಿ ಗೂಗಲ್‌ನಲ್ಲಿದ್ದ ಜೆಫ್ರಿ ಹಿಂಟನ್, ಓರಿಯೋಲ್ ವಿನ್ಯಾಲ್ಸ್, ಜೆಫ್ ಡೀನ್ ಒಂದು ಪ್ರಬಂಧ ಬರೆದರು. ದೊಡ್ಡ ಮಾಡೆಲಿನ ಜ್ಞಾನ ಅದರ ಉತ್ತರದಲ್ಲಷ್ಟೇ ಇಲ್ಲ, ಅನುಮಾನದಲ್ಲೂ ಇದೆ ಎಂಬುದು ಅದರ ತಿರುಳು. ಕೈಬರಹದ 2 ಎಂಬ ಅಂಕಿ ತೋರಿಸಿದರೆ ಮೇಷ್ಟ್ರು 2 ಎಂದೇ ಹೇಳುತ್ತಾರೆ. ಆದರೆ ಒಳಗೊಳಗೇ ಹತ್ತೂ ಅಂಕಿಗಳಿಗೆ ಸಂಭವನೀಯತೆ ಹಂಚಿರುತ್ತಾರೆ: 3 ಇರಬಹುದೇ, ಹತ್ತು ಲಕ್ಷಕ್ಕೊಂದು ಪಾಲು, 7 ಇರಬಹುದೇ, ನೂರು ಕೋಟಿಗೊಂದು ಪಾಲು. ಇನ್ನೊಬ್ಬರು ಬರೆದ 2ಕ್ಕೆ ಈ ಹಂಚಿಕೆ ತಿರುಗುಮುರುಗಾಗಬಹುದು. ಯಾವ 2 ಯಾವುದನ್ನು ಹೋಲುತ್ತದೆ ಎಂಬ ಸೂಕ್ಷ್ಮವೆಲ್ಲ ಈ ಪುಡಿಗಾಸಿನಲ್ಲೇ ಅಡಗಿದೆ. ಅಷ್ಟು ಸಣ್ಣ ಅಂಕಿ ಶಿಷ್ಯನ ಕಣ್ಣಿಗೆ ಬೀಳದು. ಅದಕ್ಕೇ ಅವರು 'ಟೆಂಪರೇಚರ್' ಏರಿಸಿದರು, ಅಂದರೆ ಮೇಷ್ಟ್ರ ಒಳಗಿನ ಸ್ಕೋರುಗಳನ್ನೆಲ್ಲ 20ರಂಥ ಸಂಖ್ಯೆಯಿಂದ ಭಾಗಿಸಿ, ಆಮೇಲೆ ಸಂಭವನೀಯತೆ ಲೆಕ್ಕ ಹಾಕಿದರು. ಏರುತಗ್ಗು ಸಮವಾಗಿ, ಅಡಗಿದ್ದ ಅನುಮಾನಗಳು ಮೇಲೆದ್ದವು.

ಸಣ್ಣ ಮಾಡೆಲ್ ತಾನೇ ಕಲಿತಾಗ ಪರೀಕ್ಷೆಯ ಹತ್ತು ಸಾವಿರ ಚಿತ್ರಗಳಲ್ಲಿ 146 ತಪ್ಪು ಮಾಡಿತ್ತು. ಮೇಷ್ಟ್ರ ಅನುಮಾನವನ್ನೂ ಕಲಿತಾಗ 74. ಮೇಷ್ಟ್ರದ್ದೇ 67. ಆಮೇಲೆ ಇನ್ನೊಂದು ಚೇಷ್ಟೆ ಮಾಡಿದರು: ಶಿಷ್ಯನ ಪಾಠದಿಂದ 3 ಎಂಬ ಅಂಕಿಯ ಎಲ್ಲ ಚಿತ್ರಗಳನ್ನೂ ತೆಗೆದುಬಿಟ್ಟರು. ಕಲಿಯುವಾಗ ಒಂದೇ ಒಂದು 3ನ್ನೂ ಕಾಣದ ಶಿಷ್ಯ ಪರೀಕ್ಷೆಯಲ್ಲಿ ಬಂದ 3ಗಳಲ್ಲಿ ನೂರಕ್ಕೆ 98.6ನ್ನು ಗುರುತಿಸಿದ. 3ರ ಪರವಾಗಿ ತೂಕವನ್ನು ತುಸು ಸರಿಪಡಿಸಬೇಕಾಯಿತು, ಅಷ್ಟೆ. ಬೇರೆ ಅಂಕಿಗಳನ್ನು ನೋಡುವಾಗ ಮೇಷ್ಟ್ರು 'ಇದು 3 ಇದ್ದರೂ ಇರಬಹುದು' ಎಂದು ಗೊಣಗಿದ್ದೇ ಅವನಿಗೆ ಪಾಠವಾಗಿತ್ತು. ನನಗಂತೂ ಈ ಕ್ಷೇತ್ರದಲ್ಲಿ ಇದಕ್ಕಿಂತ ಚೆಂದದ ಪ್ರಯೋಗ ಕಂಡಿಲ್ಲ.

ಈಗ ಆಲ್ಪಾಕಾದ ಅಡುಗೆಮನೆಗೆ ಬನ್ನಿ. ಮನುಷ್ಯರು ಬರೆದ 175 ಮಾದರಿ ಪ್ರಶ್ನೆಗಳನ್ನು ಇಟ್ಟುಕೊಂಡು, ಇಂಥವೇ ಇನ್ನಷ್ಟು ಪ್ರಶ್ನೆ ಹುಟ್ಟಿಸಿ ಉತ್ತರವನ್ನೂ ಬರೆ ಎಂದು text-davinci-003 ಎಂಬ ಮೇಷ್ಟ್ರಿಗೆ ದುಡ್ಡು ಕೊಟ್ಟು ಹೇಳಿದರು. 52,000 ಪ್ರಶ್ನೋತ್ತರ ಬಂದವು, ಬಿಲ್ಲು 500 ಡಾಲರಿಗಿಂತ ಕಡಿಮೆ. ಮೆಟಾ ಕಂಪನಿಯ ಲಾಮಾ ಎಂಬ, 700 ಕೋಟಿ ಪ್ಯಾರಾಮೀಟರುಗಳ ಮಾಡೆಲಿಗೆ ಅದನ್ನು ಕುಡಿಸಲು ಮೂರು ಗಂಟೆ, 100 ಡಾಲರಿಗಿಂತ ಕಡಿಮೆ ಖರ್ಚು. ಇಲ್ಲಿ ಅನುಮಾನದ ಪಟ್ಟಿ ಇರಲಿಲ್ಲ. ಮೇಷ್ಟ್ರು ಒಳಗೆ ಎಷ್ಟು ತಿಣುಕಾಡಿದರೋ, ಶಿಷ್ಯನಿಗೆ ಸಿಕ್ಕಿದ್ದು ಇಸ್ತ್ರಿ ಮಾಡಿದ ವಾಕ್ಯ ಮಾತ್ರ. ಆದ್ದರಿಂದ ಅವನು ಇಸ್ತ್ರಿ ಮಾಡುವುದನ್ನೇ ಕಲಿತ.

ಎರಡೇ ತಿಂಗಳಲ್ಲಿ ಬರ್ಕ್ಲಿಯ ಸಂಶೋಧಕರು ಇಂಥ ಶಿಷ್ಯರ ಬಣ್ಣ ಬಯಲು ಮಾಡಿದರು. ಸಾಮಾನ್ಯ ಜನರಿಗೆ ಉತ್ತರ ತೋರಿಸಿ ಅಭಿಪ್ರಾಯ ಕೇಳಿದರೆ ಶಿಷ್ಯ ಚಾಟ್‌ಜಿಪಿಟಿಗೆ ಸಮ ಅನ್ನಿಸುತ್ತಿದ್ದ. ಸರಿ-ತಪ್ಪು ಖಚಿತವಿರುವ ಪ್ರಶ್ನೆ ಕೇಳಿದರೆ ಇದ್ದಲ್ಲೇ ಇದ್ದ. ನಕಲು ಮಾಡಲು ಇನ್ನಷ್ಟು ಉತ್ತರ ಕೊಟ್ಟರೂ ಜ್ಞಾನ ಬೆಳೆಯಲಿಲ್ಲ. ಬೆಳೆದದ್ದು ಶಿಷ್ಯನ ಬುಡದ ಮಾಡೆಲನ್ನೇ ದೊಡ್ಡದು ಮಾಡಿದಾಗ. ಅಂದರೆ ಅಚ್ಚುಕಟ್ಟು ಪ್ಯಾರಾ, ತುಂಬುಗಂಟಲಿನ ಖಚಿತತೆ, ಕೊನೆಯಲ್ಲೊಂದು ವಿನಯ, ಇಷ್ಟು ಬಂದರೆ ಪರೀಕ್ಷಕರು ಪಾಸು ಮಾಡುತ್ತಾರೆ. ರಾಜಧಾನಿ ಯಾರು ನೋಡುತ್ತಾರೆ? (ಇದೇ ಅರ್ಹತೆಯ ಮೇಲೆ ದೊಡ್ಡ ದೊಡ್ಡ ಹುದ್ದೆ ಹಿಡಿದವರು ನಮ್ಮ ನಡುವೆ ಇರುವುದರಿಂದ ಶಿಷ್ಯನನ್ನು ಹೆಚ್ಚು ಹಂಗಿಸಲಾರೆ.)

ನ್ಯಾಯವಾಗಿ ಹೇಳಬೇಕೆಂದರೆ, ಮೇಷ್ಟ್ರು ಲೆಕ್ಕದ ಹಂತಗಳನ್ನು ಬಿಡಿಸಿ ತೋರಿಸಿದರೆ ಕಥೆ ಬೇರೆಯಾಗುತ್ತದೆ. 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್, ತನ್ನ ಆರ್1 ಮಾಡೆಲ್ ಮೂಲಕ ಸಿದ್ಧಪಡಿಸಿದ ಸುಮಾರು 8 ಲಕ್ಷ ಮಾದರಿಗಳಿಂದ, ಬಹುಪಾಲು ಹಂತಹಂತವಾಗಿ ಯೋಚಿಸಿದ ಉತ್ತರಗಳಿಂದ, ಸಣ್ಣ ಮಾಡೆಲುಗಳಿಗೆ ಪಾಠ ಮಾಡಿತು. ಅವು ಗಣಿತದಲ್ಲಿ ನಿಜಕ್ಕೂ ಜಾಣವಾದವು. ಓಪನ್‌ಎಐ ಇದನ್ನು ಮೊದಲೇ ಊಹಿಸಿತ್ತೋ ಏನೋ, 2024ರ ಸೆಪ್ಟೆಂಬರಿನಲ್ಲಿ ಬಂದ ತನ್ನ ಓ1 ಮಾಡೆಲಿನ ಯೋಚನೆಯನ್ನು ಬಚ್ಚಿಟ್ಟು, ಗಿರಾಕಿಗೆ ಸಾರಾಂಶ ಮಾತ್ರ ತೋರಿಸಿತು. ಕೊಟ್ಟ ಕಾರಣಗಳಲ್ಲಿ ಪೈಪೋಟಿಯೂ ಒಂದು.

ಆರ್1 ಬಂದ ಕೆಲವೇ ದಿನಗಳಲ್ಲಿ ಅಳುವೂ ಶುರುವಾಯಿತು. ನಮ್ಮ ಮಾಡೆಲಿನ ಉತ್ತರಗಳಿಂದ ಡೀಪ್‌ಸೀಕ್ ಬಟ್ಟಿ ಇಳಿಸಿದ ಕುರುಹುಗಳಿವೆ ಎಂದು ಓಪನ್‌ಎಐ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಗೆ ಹೇಳಿತು. ನಮ್ಮ ಉತ್ತರ ಬಳಸಿ ನಮಗೇ ಪ್ರತಿಸ್ಪರ್ಧಿ ಕಟ್ಟಬಾರದೆಂದು ಕರಾರಿನಲ್ಲೇ ಬರೆದಿದೆಯಲ್ಲ! ಇದೇ ಕಂಪನಿಯ ಮೇಲೆ ನ್ಯೂಯಾರ್ಕ್ ಟೈಮ್ಸ್ 2023ರ ಡಿಸೆಂಬರಿನಲ್ಲಿ, ನಮ್ಮ ಲೇಖನಗಳನ್ನು ಕೇಳದೆ ಬಳಸಿದಿರೆಂದು ದಾವೆ ಹೂಡಿತ್ತು. ಕಾಪಿರೈಟ್ ಇರುವ ಬರಹವಿಲ್ಲದೆ ಇಂದಿನ ಮಾಡೆಲುಗಳನ್ನು ಕಟ್ಟುವುದು ಅಸಾಧ್ಯ ಎಂದು ಇದೇ ಕಂಪನಿ ಬ್ರಿಟನ್ನಿನ ಸಂಸದೀಯ ಸಮಿತಿಗೆ ಲಿಖಿತವಾಗಿ ತಿಳಿಸಿತ್ತು. ಜಗತ್ತಿನ ಬರಹಗಾರರ ಗದ್ದೆಯಿಂದ ಹೊತ್ತದ್ದು ಕಚ್ಚಾ ಮಾಲು. ಅದರಿಂದ ಇಳಿಸಿದ್ದನ್ನು ಪಕ್ಕದವನು ಮತ್ತೊಮ್ಮೆ ಇಳಿಸಿದರೆ ಮಾತ್ರ ಕಳ್ಳಬಟ್ಟಿ. ಗದ್ದೆಯವರಲ್ಲಿ ಬಹುತೇಕರು ಬಿಡಿಗಾಸೂ ಕಾಣಲಿಲ್ಲ. ಪ್ರಶ್ನೆಗಿಷ್ಟು ಎಂದು ಬಿಲ್ ಕಟ್ಟಿ ಬಟ್ಟಿ ಇಳಿಸುವವನಿಂದ ಮೇಷ್ಟ್ರಿಗೆ ಕೊನೇಪಕ್ಷ ಫೀಸು ಸಿಗುತ್ತದೆ.

ಹಾಗಂತ ಓಪನ್‌ಎಐ ಬಟ್ಟಿಯ ವಿರೋಧಿಯೇನಲ್ಲ. 2024ರ ಅಕ್ಟೋಬರಿನಲ್ಲಿ 'ಮಾಡೆಲ್ ಡಿಸ್ಟಿಲೇಷನ್' ಎಂಬ ಹೆಸರಿನಲ್ಲೇ ತನ್ನ ಅಂಗಡಿಯಲ್ಲಿ ಸೇವೆ ತೆರೆಯಿತು. ನಮ್ಮ ದೊಡ್ಡ ಮಾಡೆಲಿನ ಉತ್ತರಗಳನ್ನು ಕೂಡಿಟ್ಟು, ನಮ್ಮದೇ ಸಣ್ಣ ಮಾಡೆಲಿಗೆ ಕಲಿಸಿ, ನಮಗೇ ದುಡ್ಡು ಕೊಡಿ.

ಇಷ್ಟೆಲ್ಲ ಕಾವಲಿದ್ದರೂ ವಿದ್ಯೆ ಸೋರುತ್ತಿದೆ, ಯಾಕೆಂದರೆ ಮೇಷ್ಟ್ರ ಉತ್ತರಗಳು ಈಗ ಇಂಟರ್‌ನೆಟ್ ತುಂಬ ಹರಡಿವೆ. ಹೊಸಬರು ಯಾರೇ ಇಂಟರ್‌ನೆಟ್ ಬಾಚಿಕೊಂಡರೂ ಬಯಸದೆಯೇ ಶಿಷ್ಯರಾಗುತ್ತಾರೆ. ಓಪನ್‌ಎಐ ಸ್ಥಾಪಕರಲ್ಲೊಬ್ಬರಾಗಿ, ಮುನಿಸಿಕೊಂಡು ಹೊರಬಂದ ಎಲಾನ್ ಮಸ್ಕ್ ಅದಕ್ಕೆದುರಾಗಿ ಗ್ರಾಕ್ ಎಂಬ ಮಾಡೆಲ್ ಕಟ್ಟಿಸಿದರು. 2023ರ ಡಿಸೆಂಬರಿನಲ್ಲಿ ಒಬ್ಬರು ಅದಕ್ಕೊಂದು ಕೆಲಸ ಹೇಳಿದರೆ ಗ್ರಾಕ್ ನಯವಾಗಿ ಒಲ್ಲೆ ಎಂದಿತು. ಕಾರಣ, ಅದು ಓಪನ್‌ಎಐ ನಿಯಮಗಳಿಗೆ ವಿರುದ್ಧವಂತೆ.