ಸ್ಲೈಡು ಹೇಳಿದ್ದು, ಸಭೆ ಕೇಳಿದ್ದು

ತಾಲ್ಲೂಕಿನ ಕೆಡಿಪಿ ಸಭೆಯ, ಅಂದರೆ ಇಲಾಖೆಗಳ ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸುವ ಪ್ರಗತಿ ಪರಿಶೀಲನಾ ಸಭೆಯ, ನಡಾವಳಿಯನ್ನು ಬರೆಯುವ ವಿಷಯ ನಿರ್ವಾಹಕರ ಮುಂದೆ ಎರಡು ಸಾಕ್ಷಿಗಳಿರುತ್ತವೆ: ಸಭೆಗೆ ಮುನ್ನವೇ ಸಿದ್ಧವಾದ್ದರಿಂದ ಸದಾ ಆಶಾವಾದಿಯಾದ ಸ್ಲೈಡು ಮತ್ತು ಗದ್ದಲದ ನಡುವೆ ಅದರಡಿ ಗೀಚಿದ, ವ್ಯಾಕರಣದ ಹಂಗಿಲ್ಲದ ಟಿಪ್ಪಣಿ. ತಲೆಬರಹವನ್ನೂ ಮಂಡಿಸಿದ ಅಂಕಿಯನ್ನೂ ಸ್ಲೈಡಿನಿಂದ ಪಡೆಯಬಹುದಾದರೂ, ಅದರಲ್ಲಿರುವುದು ಪ್ರಸ್ತಾವವೇ ಹೊರತು ನಿರ್ಣಯವಲ್ಲವಾದ್ದರಿಂದ, ತೀರ್ಮಾನವನ್ನು ಟಿಪ್ಪಣಿಯಲ್ಲೇ ಹುಡುಕಬೇಕಾಗುತ್ತದೆ.

ಏಳನೆಯ ಸ್ಲೈಡು ‘40 ಕೊಳವೆಬಾವಿ ಪೂರ್ಣ’ ಎಂದು ಬೀಗುತ್ತಿದ್ದು, ಅದರಡಿಯ ಟಿಪ್ಪಣಿ ‘ಅಧ್ಯಕ್ಷರು: 9ಕ್ಕೆ ಕರೆಂಟೇ ಇಲ್ಲ. ಎಇಇ ನೋಡ್ತಾರಂತೆ. 15ರೊಳಗೆ’ ಎಂದು ಗೊಣಗುತ್ತಿದೆಯೆಂದು ಭಾವಿಸಬಹುದು. ಆಗ ನಡಾವಳಿಯ ಸರಿಯಾದ ರೂಪ ಹೀಗಿರುತ್ತದೆ: ‘40 ಕೊಳವೆಬಾವಿಗಳು ಪೂರ್ಣಗೊಂಡಿವೆಯೆಂದು ವರದಿ ಮಂಡಿಸಲಾಯಿತು, ಈ ಪೈಕಿ 9ಕ್ಕೆ ವಿದ್ಯುತ್ ಸಂಪರ್ಕವಿಲ್ಲವೆಂದು ಅಧ್ಯಕ್ಷರು ತಿಳಿಸಿದರು, ಸಹಾಯಕ ಕಾರ್ಯಪಾಲಕ ಇಂಜಿನಿಯರು 15ನೇ ತಾರೀಖಿನೊಳಗೆ ಪರಿಶೀಲಿಸುವುದಾಗಿ ತಿಳಿಸಿದರು.’ ‘ನೋಡ್ತಾರಂತೆ’ ಎಂಬುದನ್ನು ಉತ್ಸಾಹದಿಂದ ‘ಸಂಪರ್ಕ ಒದಗಿಸಲು ಒಪ್ಪಿದರು’ ಎಂದು ಹಿಗ್ಗಿಸಿದರೆ, ಹಿಂದಿನ ಸಭೆಯ ಸೂಚನೆ ಏನಾಯಿತೆಂದು ತಿಳಿಸುವ ಅನುಪಾಲನಾ ವರದಿಯ ಹೊತ್ತಿಗೆ, ತಾವು ನೋಡಿಯಾಗಿದೆ, ಒದಗಿಸುವ ಮಾತೇ ಬಂದಿರಲಿಲ್ಲ ಎಂದು ಆ ಇಂಜಿನಿಯರು ಸಾಧಿಸುತ್ತಾರೆ. ವಿಚಿತ್ರವೆಂದರೆ, ಅವರ ಮಾತು ನಿಜವೇ ಆಗಿರುತ್ತದೆ.

ಇನ್ನು, ಊಟದ ಕರೆ ಬಂದಾಗ ತೆರೆಯ ಮೇಲೆ ಮಿಂಚಿ ಮರೆಯಾದ, ಆದ್ದರಿಂದ ಟಿಪ್ಪಣಿಯೇ ಇಲ್ಲದ ಕೊನೆಯ ಸ್ಲೈಡುಗಳನ್ನು ‘ಸಮಯಾಭಾವದಿಂದ ಚರ್ಚೆಯಾಗಲಿಲ್ಲ’ ಎಂದು ನಮೂದಿಸುವುದೇ ಕ್ರಮ; ಸಂಬಂಧಪಟ್ಟ ಇಲಾಖೆಗಳಿಗೆ ಮಾತ್ರ ‘ಸಭೆಯು ತೃಪ್ತಿ ವ್ಯಕ್ತಪಡಿಸಿತು’ ಎಂಬ ಪಾಠಾಂತರವೇ ಹೆಚ್ಚು ಇಷ್ಟ.