ಅಧ್ಯಕ್ಷರ ನುಡಿ ಮತ್ತು ಗೂಡ್ಸ್ ಗಾಡಿ

ಸೆಪ್ಟೆಂಬರ್ 25ರೊಳಗೆ ಸರ್ವ ಸದಸ್ಯರ ಸಭೆ ಆಗಬೇಕೆಂಬುದು ಸಹಕಾರಿ ಕಾಯ್ದೆಯ ಮಾತು. ಆಗಸ್ಟ್ ಮುಗಿಯುವ ಹೊತ್ತಿಗೆ ಪತ್ತಿನ ಸಂಘಗಳ ಕಾರ್ಯದರ್ಶಿಗಳು ಹೋದ ವರ್ಷದ ‘ಅಧ್ಯಕ್ಷರ ನುಡಿ’ ತೆಗೆದು, ಇಸವಿಯಷ್ಟೇ ತಿದ್ದಿ ಅಚ್ಚಿಗೆ ಕಳಿಸಿಬಿಡುತ್ತಾರೆ. ಮಟಮಾರಿ ಸೀಮೆಯ ಒಂದು ಸಂಘದ ಗೌಡರು ಮಾತ್ರ, “ಮಾಸ್ತರ್ರ, ಇದು ಮನುಷ್ಯಾರು ಮಾತಾಡಿದಂಗ ಆಗ್ಬೇಕ್ರಿ” ಎಂದು ಹಾಳೆಗಳನ್ನು ನನ್ನ ಕೈಗಿತ್ತರು. ನಿವೃತ್ತ ಕನ್ನಡ ಮಾಸ್ತರನ ಎದುರು ಹೀಗೆ ಹೇಳಬಾರದು. ಸಭೆಯಲ್ಲಿ ಒಂದು ಶಾಲಾದರೂ ಬಿದ್ದೀತೆಂದು ಹೊಸ ಕೆಂಪು ಪೆನ್ನನ್ನೇ ಕೊಂಡೆ.

ಮೊದಲ ವಾಕ್ಯ 1905ರಲ್ಲಿ ಶುರುವಾಗುತ್ತಿತ್ತು. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ನಾಡಿನ ಮೊದಲ ಸಹಕಾರ ಸಂಘ ಕಟ್ಟಿದ್ದು, ಅದರ ಬೆಳಕಿನಲ್ಲಿ ನಾವು, ನಮ್ಮ ನಿರ್ದೇಶಕರು, ಅವರ ಅಮೂಲ್ಯ ಸಲಹೆ, ಜಿಲ್ಲಾ ಬ್ಯಾಂಕಿನ ಕೃಪೆ, ‘ಹಾಗೂ’, ‘ಅಲ್ಲದೆ’, ‘ಮೇಲಾಗಿ’. ಜೋರಾಗಿ ಓದಿದರೆ ವಾಕ್ಯದ ಬಣ್ಣ ಬಯಲಾಗುತ್ತದೆ ಎಂದು ನಾನೇ ಗೌಡರ ಕೈಲಿ ಓದಿಸಿದೆ. ಅವರು ‘ಕಣಗಿನಹಾಳ’ ಎಂದದ್ದಕ್ಕೂ ಸ್ಟೇಷನ್ ಕಡೆಯಿಂದ ಗೂಡ್ಸ್ ಗಾಡಿ ಬಂದದ್ದಕ್ಕೂ ಸರಿಹೋಯಿತು. ಎಂಜಿನ್ ದಾಟುವಾಗ ಗೌಡರು ನಿರ್ದೇಶಕರ ಬಳಿ ಇದ್ದರು. ಡಬ್ಬಿಗಳು ದಾಟುತ್ತಲೇ ಇದ್ದವು, ಗೌಡರು ಅಮೂಲ್ಯ ಸಲಹೆ ದಾಟಿ ಬ್ಯಾಂಕಿಗೆ ಬಂದರು. ಒಂದು ‘ಮೇಲಾಗಿ’ ಬಳಿ ಉಸಿರು ಕಟ್ಟಿತು; ಹುಡುಗ ತಂಬಿಗೆ ಹಿಡಿದು ಓಡಿಬಂದ. ನೀರು ಕುಡಿದು ಎಡಗೈ ಎತ್ತಿ ಮತ್ತೆ ಹೊರಟರು. ಗಾರ್ಡಿನ ಡಬ್ಬಿಯೂ ಹೋಗಿ, ಹಳಿಯ ಸದ್ದು ಅಡಗಿ, ಬೇವಿನ ಮರದ ಕಾಗೆ ಮತ್ತೆ ಕೂಗಲು ಶುರು ಮಾಡಿದ ಮೇಲೆ ಕ್ರಿಯಾಪದ ಬಂತು: “ಹರ್ಷಿಸುತ್ತೇನೆ.” ಗೌಡರ ಮುಖದಲ್ಲಿ ಹರ್ಷದ ಕುರುಹೇ ಇರಲಿಲ್ಲ.

ಆಮೇಲೆ ಕೆಲಸ ಬೇಗ ಸಾಗಿತು. ಪ್ರತಿ ವಾಕ್ಯದಲ್ಲೂ ನಮ್ಮೂರಿನ ಹೆಸರು ತೆಗೆದು ದೇವದುರ್ಗದ್ದು ಹಾಕಿ ನೋಡಿದೆ. ಅಲ್ಲಿಗೂ ಹೊಂದಿದರೆ ಕೆಂಪು ಗೀಟು. ಕೊನೆಗೆ ಉಳಿದದ್ದು ನಮಸ್ಕಾರ, ಸಹಿ. ನನಗೆ ಪರಮಾನಂದ, ಕಾರ್ಯದರ್ಶಿಗೆ ಹೊಟ್ಟೆನೋವು.

ಖಾಲಿ ಹಾಳೆ ತುಂಬಲು ವರದಿಯ ಕೊನೆಯ ಪುಟಕ್ಕೆ ಹೋದೆ. ಸಂಘದ ನಿಜವಾದ ಆದ್ಯತೆ ಗೊತ್ತಾಗುವುದು ಮುಂದಿನ ವರ್ಷದ ಅಂದಾಜು ಪತ್ರಿಕೆಯಲ್ಲಿ. ದುಡ್ಡು ಎಲ್ಲಿಗೆ ಹೋಗುತ್ತದೋ ಮನಸ್ಸೂ ಅಲ್ಲೇ ಇರುತ್ತದೆ. ನುಡಿಯಲ್ಲಿ ‘ರೈತರ ಸರ್ವತೋಮುಖ ಅಭಿವೃದ್ಧಿಯೇ ಆದ್ಯತೆ’ ಎಂದಿತ್ತು. ಅಂದಾಜಿನಲ್ಲಿ ಸ್ವಾಗತ ಕಮಾನಿಗೆ ದೊಡ್ಡ ಮೊತ್ತ, ಗೋದಾಮಿನ ದುರಸ್ತಿ ಎದುರು ಬರೇ ಅಡ್ಡಗೆರೆ. “ಗೌಡ್ರ, ಹಿಂಗಿದ್ರ ಕಮಾನೇ ನಮ್ಮ ಆದ್ಯತಿ ಅಂತ ಬರೀಬೇಕಾಗ್ತದ” ಎಂದೆ. ಗೌಡರು ಮೀಸೆ ತಿರುವುವುದನ್ನು ನಿಲ್ಲಿಸಿದರು.

ಅಮೆರಿಕದ ಸಾಹುಕಾರ ವಾರೆನ್ ಬಫೆಟ್ ಷೇರುದಾರರಿಗೆ ಕಾಗದ ಬರೆಯುವಾಗ ತನ್ನ ಅಕ್ಕ-ತಂಗಿಯರನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದನಂತೆ; ಜಾಣರು, ಆದರೆ ಲೆಕ್ಕಶಾಸ್ತ್ರದವರಲ್ಲ. 1998ರಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕರು ತಂದ ಸರಳ ಬರವಣಿಗೆಯ ಕೈಪಿಡಿಯ ಮುನ್ನುಡಿಯಲ್ಲಿ ಆತನೇ ಹಾಗೆ ಹೇಳಿದ್ದಾನೆ. ಗೌಡರ ಅಕ್ಕ ಮಾನ್ವಿಯಲ್ಲಿದ್ದಾರೆ. “ಅಕ್ಕಗ ಹೇಳೋ ಹಂಗ ಹೇಳ್ರಿ, ನಾ ಬರಕೋತೀನಿ” ಎಂದೆ. ಗೌಡರು ಎದುರಿನ ಗೋಡೆಯನ್ನೇ ಅಕ್ಕ ಮಾಡಿಕೊಂಡರು: “ಅಕ್ಕ, ಗೋದಾಮು ಸೋರಿ ಗೊಬ್ಬರದ ಚೀಲ ತೊಯ್ದು ಕಲ್ಲಾದ್ವು. ಮೊದಲು ಚಾವಣಿ ಹಾಕಿಸ್ತೀವಿ. ಕಮಾನು ಈ ವರ್ಷ ಇಲ್ಲ.” ‘ಕ್ರಮ ಕೈಗೊಳ್ಳಲಾಗುವುದು’ ಎಂಬುದರಲ್ಲಿ ಕೈ ಯಾರದೆಂದು ಗೊತ್ತಾಗುವುದಿಲ್ಲ. ಇಲ್ಲಿ ಮಾಡುವವರು ಯಾರು, ಬಿಡುವುದು ಏನು, ಎರಡೂ ಇದ್ದವು.

ತೊಡಕಾದದ್ದು ವಸೂಲಾತಿಯ ಸಾಲಿನಲ್ಲಿ. ‘ದಾಖಲೆಯ ವಸೂಲಾತಿ’ ಎಂದು ಕಾರ್ಯದರ್ಶಿ ದಪ್ಪಕ್ಷರದಲ್ಲಿ ಹಾಕಿದ್ದ. ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿ 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು, ನಿಜ. ಆದರೆ ವಾಯಿದೆ ದಾಟಿದರೆ ಆ ಸೌಲಭ್ಯ ಹೋಗುತ್ತದೆ. ಹತ್ತಿ ಕೈಕೊಟ್ಟ ವರ್ಷ ರೈತ ಪೇಟೆಯ ಸೇಟ್‌ನ ಬಳಿ ಎರಡು ದಿನಕ್ಕೆ ಕೈಸಾಲ ತಂದು ಕಟ್ಟುತ್ತಾನೆ, ರಿನ್ಯೂವಲ್ ಆದ ಹೊಸ ಸಾಲವನ್ನು ಸೇಟ್‌ಗೆ ಒಯ್ದು ಕೊಡುತ್ತಾನೆ. ನಮ್ಮ ಪುಸ್ತಕದಲ್ಲಿ ವಸೂಲಿಯೂ ಆಯಿತು, ವಿತರಣೆಯೂ ಆಯಿತು. ರೈತನಿಗೆ ದಕ್ಕಿದ್ದು ಸೇಟ್‌ನ ಎರಡು ದಿನದ ಬಡ್ಡಿ. ಲೆಕ್ಕ ಪರಿಶೋಧನೆಯಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತು, ಅಚ್ಚಿನಲ್ಲಿ ಹೇಳುವವರಿಲ್ಲ. ನನಗೂ ಆ ಹೊತ್ತು ಹಾಸ್ಯ ಹತ್ತಲಿಲ್ಲ.

“ಬ್ಯಾಂಕಿನವ್ರು ನೋಡಿದ್ರ?” ಎಂದ ಕಾರ್ಯದರ್ಶಿ. ಬಹಳ ಜಗ್ಗಾಡಿ ‘ದಾಖಲೆ’ಯನ್ನು ಹೊಡೆದುಹಾಕಿ, ‘ಕಟ್ಟಲು ಕೈಸಾಲ ತರಬೇಡಿ, ವಾಯಿದೆಗೆ ಮೊದಲೇ ಸಂಘಕ್ಕೆ ಬಂದು ತಿಳಿಸಿ’ ಎಂದು ಬರೆದೆವು. ಪೂರ್ತಿ ಸತ್ಯವಲ್ಲ, ಆದರೆ ಸುಳ್ಳಂತೂ ಅಲ್ಲ.

ಸಭೆಯಲ್ಲಿ ಗೌಡರು ನೀರು ಕೇಳದೆ ಓದಿ ಮುಗಿಸಿದರು. ಸುಖವಾಗಿ ನಿದ್ದೆ ಮಾಡುವ ಹಿಂದಿನ ಸಾಲು ಎಚ್ಚರವಾಗಿಯೇ ಇತ್ತು. ಅಲ್ಲಿಂದ ಒಬ್ಬ ಎದ್ದು, “ಚಾವಣಿ ಮೊದಲು ಅಂದ್ರಿ, ಯಾವ ತಿಂಗಳಿಗ್ರಿ?” ಎಂದ. ಇಷ್ಟು ವರ್ಷ ಅಧ್ಯಕ್ಷರ ನುಡಿಗೆ ಯಾರೂ ಪ್ರಶ್ನೆ ಕೇಳಿದ್ದಿಲ್ಲ. ಗೌಡರು ಶಾಲು ಹಾಕಲೆಂದು ನನ್ನನ್ನು ವೇದಿಕೆಗೆ ಕರೆದಿದ್ದವರು, ಮೈಕನ್ನು ನನ್ನ ಕಡೆ ತಿರುಗಿಸಿದರು: “ಮಾಸ್ತರ್ರು ಹೇಳ್ತಾರ.”