ಗ್ವಾಡಿಗೊಂದು ಸಾಕ್ಷಿ

(ಹುಲಿಹೈದರದ ಕಡೆಯ ಒಂದು ಸಾಲಿ. ಐದನೇ ತರಗತಿಯ ಗಣಿತ ಪಾಠ ನೋಡಲು ನಾಳೆ ಸಿಆರ್‌ಪಿ ಬರುತ್ತಾರೆ.)

ಹೆಡ್ಮಾಸ್ತರು: ಟೀಚರ್ರ, ಕಲಿಕಾ ಫಲ ಏನಂತ ಬರದೀರಿ?

ಟೀಚರ್: 'ಭಿನ್ನರಾಶಿ ತಿಳೀತಾರ' ಅಂತ ಬರದಿದ್ದೆ, ಹೊಡದ್ಹಾಕಿದೆ ಸರ್. ತಿಳಿದದ್ದು ಕಣ್ಣಿಗೆ ಕಾಣಂಗಿಲ್ಲಲ್ರಿ. 'ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ, ಚಿತ್ರ ಬರದು ಕಾರಣ ಹೇಳ್ತಾರ' ಅಂತ ಮಾಡೀನಿ. ಮೂರಕ್ಕಿಂತ ನಾಲ್ಕು ದೊಡ್ಡದು ಅಂತ ಭಾಳ ಹುಡುಗ್ರು ಅಲ್ಲೇ ಜಾರತಾರ.

ಹೆಡ್ಮಾಸ್ತರು: ಚಾರ್ಟ್ ಎಷ್ಟು?

ಟೀಚರ್: ಇಲ್ರಿ. ಒಂದೇ ಅಳತಿಯ ಕಾಗದದ ಪಟ್ಟಿ ಅದಾವು. ಅಳತಿ ತಪ್ಪಿದ್ರ ಸಣ್ಣ ಪಟ್ಟಿಯ ಮೂರನೇ ಒಂದು, ದೊಡ್ಡದರ ನಾಲ್ಕನೇ ಒಂದಕ್ಕಿಂತ ಸಣ್ಣದಾಗಿ ಪಾಠಾನೇ ಉಲ್ಟಾ ಆಗ್ತದ.

ಹೆಡ್ಮಾಸ್ತರು: ಗ್ವಾಡಿ ಬರಿದಿದ್ರ ಸಾಕ್ಷಿ ಏನ್ರೀ? ಬೀರುದಾಗ ಹೂವಿನ ಭಾಗಗಳ ಚಾರ್ಟ್ ಐತಿ, ಬಣ್ಣ ಛಲೋ ಐತಿ, ಹಚ್ರಿ!

ಟೀಚರ್: ಸಾಕ್ಷಿ ಕೊನೇ 10 ನಿಮಿಷದಾಗ ಬರ್ತದ್ರಿ. ಪಾಠದಾಗ ಮಾಡದ ಹೊಸ ಜೋಡಿ, ಐದನೇ ಒಂದು, ಆರನೇ ಒಂದು. ಪ್ರತಿ ಮಗು ತಾನೇ ಚೀಟಿ ಬರೀಬೇಕು. ಕಾರಣ ಸಹಿತ ಸರಿ, ಕಾರಣ ಇಲ್ಲದ ಸರಿ, ತಪ್ಪು ಅಂತ ಮೂರು ಗುಂಪು ಮಾಡ್ತೀನಿ. ಎರಡನೇದ್ರಾಗ ಊಹೆ ಹೊಡದವರು ಸಿಗ್ತಾರ.

ಹೆಡ್ಮಾಸ್ತರು: ತಪ್ಪಿನ ಚೀಟಿ ಮುಚ್ಚಿಡ್ರಿ ಮತ್ತ!

ಟೀಚರ್: ಅದನ್ನೇ ಮೊದಲ ತೋರಸ್ತೀನ್ರಿ. ಮರುದಿನದ ಪಾಠ ಅಲ್ಲಿಂದನೇ ಸುರು ಅಂತ ಯೋಜನೆಯಾಗ ಬರದೀನಿ.

ಹೆಡ್ಮಾಸ್ತರು: ಜಾಣ ಹುಡುಗ್ರನ್ನಾದ್ರೂ ಮುಂದ ಕೂಡಸ್ರಿ.

ಟೀಚರ್: ನೋಡಾಕ ಬಂದವರು ಹಿಂದ ಕೂಡ್ತಾರ್ರಿ. ಹಿಂದಿನ ಬೆಂಚಿನ ನೋಟ್‌ಬುಕ್ಕೇ ತಗದು ತಿದ್ದಿದ್ದೈತೇನು, ತಿದ್ದಿದ ಮ್ಯಾಲ ಹುಡುಗ ಮತ್ತ ಮಾಡ್ಯಾನೇನು ಅಂತ ನೋಡ್ತಾರ.

ಹೆಡ್ಮಾಸ್ತರು: ಹಂಗಾರ ಜಾಣರನ್ನ ಹಿಂದ ಕೂಡಸ್ರಿ! ಮುಂದಿನ ಸಾಲಿನ್ಯಾಗ ಹೂವಿನ ಚಾರ್ಟ್ ಹಿಡಕೊಂಡು ನಾನೇ ಕೂಡ್ತೀನಿ.